ಅಪ್‌ಡೇಟ್: ಮಗಳ ಶುಗರ್ ಊಟಕ್ಕೆ ಮುಂಚೆ ಇಳಿಯುತ್ತಿದ್ದುದಕ್ಕೆ ಕಾರಣ ಸಿಕ್ಕಿತು

ನಾನು ಕೇಳಿದ್ದು: "7 ವರ್ಷದ ಮಗಳಿಗೆ ಟೈಪ್ 1. ಲೆಕ್ಕ ಹಾಕಿಯೇ ಇನ್ಸುಲಿನ್ ಕೊಡ್ತೀವಿ. ಆದರೂ 11:30ಕ್ಕೆ ಶುಗರ್ 60ಕ್ಕೆ ಇಳಿಯುತ್ತೆ. ಎಲ್ಲಿ ತಪ್ಪಾಗ್ತಿದೆ?"

ಹತ್ತು ದಿನ ಆಯ್ತು. ತಿಂಡಿಯ ಲೆಕ್ಕ ಸರಿಯಾಗೇ ಇತ್ತು. ನಮ್ಮ ಡಾಕ್ಟರ್ ಅವಳಿಗೆ ಕೊಟ್ಟಿರುವುದು 15 ಗ್ರಾಂ ಕಾರ್ಬಿಗೆ 1 ಯೂನಿಟ್, 80 ಶುಗರ್ ಇಳಿಸಲು 1 ಯೂನಿಟ್, ಗುರಿ 120. ಬೆಳಗ್ಗೆ 8ಕ್ಕೆ ಶುಗರ್ 160, ಇಡ್ಲಿಯಲ್ಲಿ 45 ಗ್ರಾಂ ಕಾರ್ಬ್:

```
45/15 + (160-120)/80 = 3 + 0.5 = 3.5
```

ತಪ್ಪಾಗಿದ್ದು 10 ಗಂಟೆಗೆ. ಆಗ 240 ನೋಡಿ ಗಾಬರಿಯಿಂದ ಇನ್ನೂ 1.5 ಯೂನಿಟ್ ಕೊಡ್ತಿದ್ದೆ. 8 ಗಂಟೆಯ ಇನ್ಸುಲಿನ್ ಇನ್ನೂ ಮೈಯಲ್ಲಿ ಕೆಲಸ ಮಾಡ್ತಾ ಇರುತ್ತೆ, ಅದರ ಮೇಲೆ ಇನ್ನೊಂದು ಡೋಸ್ ಬಿದ್ದರೆ ಎರಡೂ ಸೇರಿ ಕೆಳಗೆ ಎಳೆಯುತ್ತವೆ ಅಂತ ಒಬ್ಬರು ಬರೆದಿದ್ರಲ್ಲ, ಅದೇ ನಿಜ. ಡಾಕ್ಟರನ್ನ ಕೇಳಿದೆ. ಅವಳ ವಿಷಯದಲ್ಲಿ, ಊಟದ ಡೋಸ್ ಆಗಿ 3 ಗಂಟೆ ಕಳೆಯುವ ತನಕ ಕರೆಕ್ಷನ್ ಬೇಡ ಅಂದ್ರು. ಅವತ್ತಿನಿಂದ 60 ಒಮ್ಮೆಯೂ ಕಂಡಿಲ್ಲ.

ತಿಂಡಿಯ ಡೋಸನ್ನೇ ಕಡಿಮೆ ಮಾಡಿ ಅನ್ನೋ ಸಲಹೆ ನಮಗೆ ಆಗಲಿಲ್ಲ. ಡಾಕ್ಟರಿಗೆ ಹೇಳಿ ಎರಡು ದಿನ ನೋಡಿದ್ವಿ, ಊಟದ ಹೊತ್ತಿಗೂ 220 ಇತ್ತು.

ನನಗೆ ಆಶ್ಚರ್ಯ ಆಗಿದ್ದು ಇನ್ನೊಂದು. ತಟ್ಟೆ ಮುಂದಿಟ್ಟು ಚುಚ್ಚುವ ಬದಲು 15 ನಿಮಿಷ ಮೊದಲೇ ಕೊಟ್ಟರೆ, ಅದೇ ಇಡ್ಲಿ, ಅದೇ 3.5 ಯೂನಿಟ್, ಆದರೆ 10 ಗಂಟೆಗೆ 180ರ ಹತ್ತಿರ. ಶುಗರ್ ಮೊದಲೇ ಕಡಿಮೆ ಇದ್ದ ದಿನ ಮಾತ್ರ ಹೀಗೆ ಕಾಯಲ್ಲ. ಈ ಅಂಕಿಗಳು ಅವಳಿಗೆ ಮಾತ್ರ, ನಿಮ್ಮ ಮಗುವಿನದು ನಿಮ್ಮ ಡಾಕ್ಟರೇ ಹೇಳಬೇಕು.