ಸಹಾಯ ಬೇಕು: ಘಟಿಕೋತ್ಸವದ ವಿಡಿಯೊ 40 ನಿಮಿಷದಲ್ಲಿ ಮುಗಿಯುತ್ತಿಲ್ಲ

ಕಾಲೇಜಿನ ಘಟಿಕೋತ್ಸವದ ವಿಡಿಯೊಗೆ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಆರಂಭದ ಶೀರ್ಷಿಕೆಗೆ 30 ಸೆಕೆಂಡು, ಪ್ರಾಂಶುಪಾಲರ ಸ್ವಾಗತಕ್ಕೆ 4 ನಿಮಿಷ, ಮುಖ್ಯ ಅತಿಥಿಗಳ ಭಾಷಣಕ್ಕೆ 12 ನಿಮಿಷ. ಆಮೇಲೆ 300 ಪದವೀಧರರ ಹೆಸರು, ತಲಾ 5 ಸೆಕೆಂಡಿನಂತೆ 25 ನಿಮಿಷ. ಕೊನೆಯ ಚಿತ್ರಮಾಲಿಕೆಗೆ ಮೊದಲೇ ನಲವತ್ತೊಂದೂವರೆ ನಿಮಿಷವಾಯಿತು!

4 ಸೆಕೆಂಡಿಗೆ ಇಳಿಸಿ ನೋಡಿದೆ. ಉದ್ದದ ಹೆಸರನ್ನು ಓದಿ ಮುಗಿಸುವ ಮೊದಲೇ ಪರದೆಯಲ್ಲಿ ಮುಂದಿನವರ ಮುಖ ಬರುತ್ತದೆ. ವರ್ಷಗಟ್ಟಲೆ ಓದಿದವರಿಗೆ ಆ 5 ಸೆಕೆಂಡಾದರೂ ಸಿಗಲೇಬೇಕು.

ಹಾಗಾಗಿ ಅತಿಥಿಗಳ ಒಪ್ಪಿಗೆ ಪಡೆದು ಭಾಷಣವನ್ನು 7 ನಿಮಿಷಕ್ಕೆ ಇಳಿಸುತ್ತಿದ್ದೇನೆ; ಚಿತ್ರಮಾಲಿಕೆಗೆ ಮೂರೂವರೆ ನಿಮಿಷ ಉಳಿಯುತ್ತದೆ. ಆದರೆ ಚಿತ್ರೀಕರಣ ಒಂದೇ ಕ್ಯಾಮೆರಾದ್ದು. ಕತ್ತರಿಸಿದಲ್ಲೆಲ್ಲ ಮುಖ ಜಿಗಿದಂತೆ ಕಾಣುತ್ತದೆ. ಮುಚ್ಚಲು ಸಭಿಕರ ಎರಡೇ ದೃಶ್ಯಗಳಿವೆ. ಇಂಥದ್ದನ್ನು ಸಂಕಲನ ಮಾಡಿದವರು ದಯವಿಟ್ಟು ದಾರಿ ತೋರಿಸಿ.