ಪದಚರ್ಚೆ: ಎಳೆದ ಪಟ್ಟಿಯಲ್ಲಿ ಒತ್ತಡ ‘ಹರಡುತ್ತದೆ’ ಅನ್ನಬಹುದಾ?

ಸುಮಾ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಸೋಮವಾರದೊಳಗೆ ಒಂದು ಪದ ಬೇಕು. ನಾನು ಇಲ್ಲಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಕಬ್ಬಿಣದ ಪಟ್ಟಿಯನ್ನು ಎಳೆದು ಪರೀಕ್ಷೆ ಮಾಡುವ ಮಷಿನ್ನಿನ ಹಿಂದಿನ ಗೋಡೆಗೆ ಕನ್ನಡ ಬೋರ್ಡ್ ಬರೆಸಬೇಕು. ಪಟ್ಟಿಯನ್ನು ಹಿಡಿದ ಜಾಗದ ಪಕ್ಕದಲ್ಲೇ ಯಾಕೆ ಅಳೆಯಬಾರದು, ನಡುವೆಯೇ ಯಾಕೆ ಅಂತ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ನಾನು ಬರೆದ ವಾಕ್ಯ ಇದು: ‘ಬಲ ಬಿದ್ದ ಜಾಗದಿಂದ ಸ್ವಲ್ಪ ದೂರ ಹೋದರೆ ಒತ್ತಡ ಹರಡಿ ಕಡಿಮೆಯಾಗುತ್ತದೆ.’ ‘ಹರಡಿ’ ಅನ್ನುವುದು ಯಾಕೋ ಸರಿ ಅನ್ನಿಸುತ್ತಿಲ್ಲ. ಬೇರೆ ಪದ ಇದೆಯಾ?

ಶ್ರೀಕಂಠ, ತೀರ್ಥಹಳ್ಳಿ

‘ಹರಡಿ’ ಆಮೇಲೆ ನೋಡೋಣ. ‘ಒತ್ತಡ’ವೇ ತಪ್ಪು. ಒತ್ತು ಅಂದರೆ ಅದುಮು. ನೀವು ಎಳೆಯುತ್ತಿದ್ದೀರಿ, ಒತ್ತುತ್ತಿಲ್ಲ. ಎಳೆದ ಹಗ್ಗಕ್ಕೆ ನಮ್ಮ ಕಡೆ ಏನಂತಾರೆ? ಬಿಗಿ. ಬಿಗಿ, ಬಿಗುವು, ಬಿಗಿತ ಎಲ್ಲ ನಮ್ಮವೇ ಪದಗಳು, ತೆಲುಗಿನಲ್ಲೂ ಇವೆ. ಪುಸ್ತಕದ ‘ಪೀಡನ’ವಂತೂ ಖಂಡಿತ ಬೇಡ. ‘ಬಿಗುವು’ ಎಂದು ಬರೆಸಿ, ಮುಗಿಯಿತು.

ಕಮಲಾಕ್ಷ, ಭದ್ರಾವತಿ

ಶ್ರೀಕಂಠ ಅವರೇ, ಅದೇ ಪಟ್ಟಿಯನ್ನು ನಾಳೆ ಅದುಮಿದರೂ ಒಳಗೆ ಆಗುವುದಕ್ಕೆ ಇದೇ ಪದ ಬೇಕಲ್ಲ? ಆಗ ‘ಬಿಗುವು’ ಹೇಗೆ ಹೊಂದುತ್ತದೆ? ಅದಿರಲಿ. ಪದಕ್ಕಿಂತ ಮೊದಲು ಸುಮಾ ಅವರ ವಾಕ್ಯವೇ ತಪ್ಪಿದೆ. ದೂರ ಹೋದ ಹಾಗೆ ಒತ್ತಡ ಕಡಿಮೆಯಾಗುವುದಿಲ್ಲ. ಪಟ್ಟಿಯನ್ನು ಎಲ್ಲಿ ಅಡ್ಡ ಕತ್ತರಿಸಿ ನೋಡಿದರೂ ಅಲ್ಲಿ ದಾಟುವ ಒಟ್ಟು ಬಲ ಅಷ್ಟೇ. ಕಡಿಮೆಯಾಗುವುದು ಏರುಪೇರು ಮಾತ್ರ.

ಒಂದು ಲೆಕ್ಕ ನೋಡಿ. ಪಟ್ಟಿ 40 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪ. ಎಳೆತ 10 ಕಿಲೋನ್ಯೂಟನ್, ಅಂದರೆ ಹೆಚ್ಚುಕಡಿಮೆ ಒಂದು ಟನ್ ತೂಗುಹಾಕಿದಷ್ಟು. ಸರಾಸರಿ ಒತ್ತಡ ಚದರ ಮಿಲಿಮೀಟರಿಗೆ 50 ನ್ಯೂಟನ್. ಈ ಎಳೆತವೆಲ್ಲ ತುದಿಯ ನಡುವಿನ ಒಂದೇ ಬಿಂದುವಿನಲ್ಲಿದೆ ಅಂದುಕೊಳ್ಳಿ. ತುದಿಯಿಂದ 10 ಮಿಲಿಮೀಟರ್ ಒಳಗೆ ನಡುವಿನಲ್ಲಿ ಸುಮಾರು 129 ಇರುತ್ತದೆ, ಅಂಚಿನಲ್ಲಿ ಬರೀ 10. ಇಪ್ಪತ್ತರಲ್ಲಿ 69 ಮತ್ತು 33. ನಲವತ್ತಕ್ಕೆ, ಅಂದರೆ ಪಟ್ಟಿಯ ಅಗಲದಷ್ಟು ದೂರಕ್ಕೆ ಬಂದಾಗ 51 ಮತ್ತು 49. ನಡುವಿನದು ಇಳಿಯಿತು, ಅಂಚಿನದು ಏರಿತು, ಎರಡೂ 50ರ ಹತ್ತಿರ ಬಂದು ಸೇರಿದವು. ಇದನ್ನು ‘ಹರಡಿ ಕಡಿಮೆಯಾಯಿತು’ ಅಂದರೆ ಅಂಚಿನ ಕಥೆಯೇ ಬಿಟ್ಟುಹೋಗುತ್ತದೆ.

ಯಾಕೆ ಹೀಗೆ ಅಂದರೆ, ಒಂದೇ ಬಿಂದುವಿನ ಎಳೆತವನ್ನು ಎರಡು ಭಾಗ ಮಾಡಿ ನೋಡಬಹುದು. ಒಂದು ಭಾಗ ಪಟ್ಟಿಯ ಅಗಲಕ್ಕೂ ಸಮನಾಗಿ ಎಳೆಯುವುದು. ಅದು ಪಟ್ಟಿಯ ಉದ್ದಕ್ಕೂ ಹಾಗೇ ಸಾಗುತ್ತದೆ. ಉಳಿದ ಭಾಗ ನಡುವಿನಲ್ಲಿ ಮುಂದಕ್ಕೆ ಎಳೆದು ಅಂಚುಗಳಲ್ಲಿ ಅಷ್ಟನ್ನೇ ಹಿಂದಕ್ಕೆ ತಳ್ಳುವುದು. ಇದನ್ನು ಕೂಡಿದರೆ ಸೊನ್ನೆ, ಪಟ್ಟಿಯನ್ನು ಬಾಗಿಸುವ ಬಲವೂ ಇಲ್ಲ. ಆದ್ದರಿಂದ ಅದನ್ನು ಆಚೆ ತುದಿಯವರೆಗೆ ಹೊತ್ತೊಯ್ಯುವ ಅಗತ್ಯ ಪಟ್ಟಿಗೆ ಇಲ್ಲ. ಪಕ್ಕಪಕ್ಕದ ಎಳೆಗಳು ಒಂದಕ್ಕೊಂದು ಜಾರದಂತೆ ಹಿಡಿದುಕೊಂಡು ಅಲ್ಲಲ್ಲೇ ತೀರಿಸಿಬಿಡುತ್ತವೆ. ಆ ಎಳೆತ ತಳ್ಳಾಟ ಎಷ್ಟು ಅಗಲಕ್ಕೆ ಇದೆಯೋ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ಅದು ಮುಗಿಯುತ್ತದೆ.

ರಾಘು, ಸಾಗರ

ಇದಕ್ಕೆ ಹೆಸರೇ ಇದೆಯಲ್ಲ, ಸಂತ ವೆನಾಂಟರ ನಿಯಮ. 1855ರದು. ಯಾವ ವಸ್ತುವಾದರೂ, ಯಾವ ಆಕಾರವಾದರೂ ಅಗಲದಷ್ಟು ದೂರಕ್ಕೆ ಎಲ್ಲ ಸಮ. ಬೋರ್ಡಿನಲ್ಲಿ ಅದನ್ನೇ ಹಾಕಿ.

ಕಮಲಾಕ್ಷ, ಭದ್ರಾವತಿ

ವರ್ಷ ಸರಿ. ಉಳಿದದ್ದು ಸರಿಯಿಲ್ಲ. ಅವರು ಸಂತರಲ್ಲ, ಬಾರೆ ದ ಸೈಂ ವನಾಂ ಅನ್ನುವುದು ಆ ಫ್ರೆಂಚ್ ಎಂಜಿನಿಯರ ಮನೆತನದ ಹೆಸರು. ಹೆಸರನ್ನು ಅನುವಾದ ಮಾಡಬಾರದು. ‘ನಿಯಮ’ವೂ ಬೇಡ, ‘ತತ್ವ’ ಅನ್ನಿ. ಅವರು ಹೇಳಿದ್ದು ನೀಳವಾದ ಸರಳುಗಳ ಬಗ್ಗೆ. ಬುಸ್ಸಿನೆಸ್ಕ್ 1885ರಲ್ಲಿ ಅದನ್ನು ಹಿಗ್ಗಿಸಿದರು. ಹಾಗೆ ಹಿಗ್ಗಿಸಿದ ಮಾತು ಎಲ್ಲ ಕಡೆಯೂ ನಿಲ್ಲುವುದಿಲ್ಲ ಎಂದು ಫಾನ್ ಮೀಸಸ್ 1945ರಲ್ಲಿ ತೋರಿಸಿದರು. ತೆಳು ತಗಡನ್ನು ಮಡಿಸಿ ಮಾಡಿದ, ಒಂದು ಬದಿ ತೆರೆದ ಸಿ ಆಕಾರದ ತೊಲೆಯಲ್ಲಿ ತುದಿಯ ಏರುಪೇರು ತುಂಬ ದೂರ ಹೋಗುತ್ತದೆ.

ಮಂಜಪ್ಪ, ಹೊಸನಗರ

ನಾನು ಬಡಗಿ, ಓದಿದವನಲ್ಲ. ನನ್ನ ಅನುಭವ ಹೇಳುತ್ತೇನೆ. ಹೋದ ವರ್ಷ ಚಪ್ಪರಕ್ಕೆ ಅಡಿಕೆ ದಬ್ಬೆಯ ತುದಿಯಲ್ಲಿ ತೂತು ಕೊರೆದು ಬೋಲ್ಟ್ ಹಾಕಿ ಎಳೆದು ಕಟ್ಟಿದ್ದೆ. ದಬ್ಬೆ ಎರಡು ಬೆರಳು ಅಗಲ. ಕಮಲಾಕ್ಷ ಅಣ್ಣ ಹೇಳಿದ ಲೆಕ್ಕದಲ್ಲಿ ಎರಡು ಬೆರಳು ದೂರದಲ್ಲಿ ಎಲ್ಲ ಸರಿಹೋಗಬೇಕಿತ್ತು. ಆದರೆ ಬೋಲ್ಟಿನ ಎರಡೂ ಪಕ್ಕದಿಂದ ಎಳೆ ಬಿಟ್ಟುಕೊಂಡು, ಸೀಳು ಒಂದು ಗೇಣು ಉದ್ದ ಓಡಿತು. ನಡುವಿನ ಎಳೆ ಬೋಲ್ಟಿನ ಜೊತೆ ಬಂತು, ಅಂಚಿನ ಎಳೆ ಅಲ್ಲೇ ಉಳಿಯಿತು. ಇದಕ್ಕೇನು ಪದ?

ಕಮಲಾಕ್ಷ, ಭದ್ರಾವತಿ

ಮಂಜಪ್ಪನವರೇ, ಬೋರ್ಡಿನಲ್ಲಿ ಬರಬೇಕಾದ ಎಚ್ಚರಿಕೆಯೇ ಇದು. ನಡುವಿನ ಎಳೆಯ ಭಾರ ಅಂಚಿಗೆ ದಾಟಬೇಕಾದರೆ ಎಳೆಎಳೆಯ ನಡುವಿನ ಹಿಡಿತ ಗಟ್ಟಿಯಿರಬೇಕು. ಕಬ್ಬಿಣಕ್ಕೆ ಎಲ್ಲ ದಿಕ್ಕಿಗೂ ಒಂದೇ ಗಟ್ಟಿತನ. ದಬ್ಬೆ, ಬಿದಿರು, ಮರ ಉದ್ದಕ್ಕೆ ತುಂಬ ಗಟ್ಟಿ, ಎಳೆಗಳ ನಡುವೆ ಮೆತ್ತಗೆ. ಸೀಳದೆ ಉಳಿದರೂ ಸಮನಾಗಲು ಅಗಲದ ಎಷ್ಟೋ ಪಟ್ಟು ದೂರ ಬೇಕು. ಇನ್ನೊಂದು ಮಾತು, ತೂತಿನ ಪಕ್ಕದಲ್ಲಿ ಏನಾಗುತ್ತದೆ ಅನ್ನುವುದನ್ನು ಈ ತತ್ವ ಹೇಳುವುದೇ ಇಲ್ಲ. ಮುರಿಯುವುದು ಜಾಸ್ತಿ ಅಲ್ಲೇ. ಅದಕ್ಕೆ ಬೇರೆ ಲೆಕ್ಕ ಹಾಕಬೇಕು.

ಶ್ರೀಕಂಠ, ತೀರ್ಥಹಳ್ಳಿ

ಮಂಜಪ್ಪನವರ ನಾಲ್ಕು ಸಾಲಿನಲ್ಲಿ ದಬ್ಬೆ, ಎಳೆ, ಸೀಳು, ಗೇಣು ಎಲ್ಲ ಇವೆ. ಎಂಜಿನಿಯರುಗಳಿಗೆ ಮಾತ್ರ ‘ತತ್ವ’ ಬೇಕು. ಕಟ್ಟಳೆ ಅಂದರೆ ಏನು ಕಷ್ಟ?

ರಾಘು, ಸಾಗರ

ಬೋಲ್ಟ್ ಬಿಟ್ಟುಬಿಟ್ಟಿರಿ ಸಾರ್. ಅದಕ್ಕೆ ನಿಮ್ಮ ಪದ ಯಾವುದು? ಕೆಲಸ ಮಾಡುವವರ ಬಾಯಲ್ಲಿ ಬಂದದ್ದೇ ಕನ್ನಡ. ಸುಮ್ನೆ ಶುದ್ಧಿ ಮಾಡಲು ಹೋಗಬೇಡಿ.

ಶ್ರೀಕಂಠ, ತೀರ್ಥಹಳ್ಳಿ

ಬೋಲ್ಟ್ ಇರಲಿ ಅಂತ ನಾನೇ ಹೇಳುತ್ತೇನೆ. ವಸ್ತುವಿನ ಜೊತೆ ಬಂದ ಹೆಸರು ಅದು. ಇದ್ದ ಮಾತನ್ನು ಓಡಿಸಿ ಕೂತ ಪದಗಳ ಬಗ್ಗೆ ನನ್ನ ಜಗಳ. ಸಂಸ್ಕೃತದ್ದಾದರೂ ಅಷ್ಟೇ, ಇಂಗ್ಲಿಷಿನದಾದರೂ ಅಷ್ಟೇ. ನಿಮಗೆ ಈ ವ್ಯತ್ಯಾಸ ಕಾಣದಿದ್ದರೆ ಮುಂದೆ ಮಾತು ಬೇಡ.

ಸುಮಾ, ಶಿವಮೊಗ್ಗ

ಇವತ್ತು ಲ್ಯಾಬಿನಲ್ಲಿ ಒಂದು ಪ್ರಯೋಗ ಮಾಡಿದೆ. ಹಳೇ ಸೈಕಲ್ ಟ್ಯೂಬನ್ನು ಸೀಳಿ ಚಪ್ಪಟೆ ಮಾಡಿ, ಸೀಮೆಸುಣ್ಣದಲ್ಲಿ ಬೆರಳಗಲದ ಚೌಕಗಳನ್ನು ಬರೆದೆ. ಅಡ್ಡಕ್ಕೆ ನಾಲ್ಕು ಚೌಕ. ಮೇಲಿನ ತುದಿಯ ನಡುವೆ ಒಂದೇ ಕ್ಲಿಪ್ ಹಾಕಿ ತೂಗುಬಿಟ್ಟು, ಕೆಳಗಿನ ತುದಿಯನ್ನು ಎರಡು ಮರದ ಪಟ್ಟಿಗಳ ನಡುವೆ ಹಿಡಿದು ಎಳೆದೆ. ಕ್ಲಿಪ್ಪಿನ ಕೆಳಗಿನ ಮೊದಲ ಸಾಲಿನಲ್ಲಿ ನಡುವಿನ ಎರಡು ಚೌಕ ಉದ್ದಕ್ಕೆ ಹಿಗ್ಗಿ ಓರೆಯಾದವು, ಅಂಚಿನವು ಹೆಚ್ಚುಕಡಿಮೆ ಚೌಕವಾಗಿಯೇ ಉಳಿದವು. ಐದನೇ ಸಾಲಿಗೆ ಬರುವಾಗ ನಾಲ್ಕೂ ಒಂದೇ ಥರ ಉದ್ದವಾಗಿದ್ದವು. ನೋಡುತ್ತಿದ್ದ ಒಬ್ಬ ಹುಡುಗಿ, ‘ಮೇಡಂ, ಅಂಚಿನವೂ ಈಗ ಪಾಲು ಹಂಚಿಕೊಂಡವು’ ಅಂದಳು. ನನಗೆ ಬೇಕಾದ ಪದ ಅದೇ ಅನ್ನಿಸಿತು.

ಈಗಿನ ವಾಕ್ಯ: ‘ಹಿಡಿದ ಜಾಗದ ಹತ್ತಿರ ಒತ್ತಡ ಏರುಪೇರಾಗಿರುತ್ತದೆ. ಕಬ್ಬಿಣದ ಪಟ್ಟಿಯಲ್ಲಿ ಅದರ ಅಗಲದಷ್ಟು ದೂರ ಬಂದರೆ ಒತ್ತಡ ಎಲ್ಲ ಎಳೆಗಳಿಗೂ ಸಮನಾಗಿ ಹಂಚಿಕೆಯಾಗಿರುತ್ತದೆ. ಅಲ್ಲಿಂದಾಚೆ ಅಳೆಯಿರಿ.’

ಶ್ರೀಕಂಠ, ತೀರ್ಥಹಳ್ಳಿ

‘ಹಂಚು’ ಒಳ್ಳೆಯ ಪದ. ಹಳಗನ್ನಡದ ‘ಪಂಚು’. ಸಂಸ್ಕೃತದ ಐದಕ್ಕೂ ಇದಕ್ಕೂ ಸಂಬಂಧವಿಲ್ಲ, ಯಾರೂ ಆ ಮಾತು ಎತ್ತಬೇಡಿ. ‘ಒತ್ತಡ’ಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ.

ಕಮಲಾಕ್ಷ, ಭದ್ರಾವತಿ

‘ಸಮನಾಗಿ’ ಮುಂದೆ ‘ಬಹುಪಾಲು’ ಸೇರಿಸಿ. 51 ಮತ್ತು 49 ಒಂದೇ ಅಲ್ಲ. ಮಷಿನ್ನಿನ ಹಿಡಿತ ಪಟ್ಟಿಯ ಪೂರ್ತಿ ಅಗಲವನ್ನು ಕಚ್ಚುವುದರಿಂದ ನಿಮ್ಮಲ್ಲಿ ಏರುಪೇರು ಇದಕ್ಕಿಂತ ಕಡಿಮೆಯೇ ಇರುತ್ತದೆ. ಆದರೆ ಪಟ್ಟಿ ಓರೆಯಾಗಿ ಕಚ್ಚಿಕೊಂಡರೆ ಬಾಗುವಿಕೆ ಸೇರುತ್ತದೆ. ಅದು ಎಷ್ಟು ದೂರ ಹೋದರೂ ಅಳಿಯುವುದಿಲ್ಲ, ಯಾಕೆಂದರೆ ಅದರ ಎಳೆತ ತಳ್ಳಾಟ ಕೂಡಿದರೆ ಸೊನ್ನೆಯಾದರೂ ಪಟ್ಟಿಯನ್ನು ಬಾಗಿಸುವ ಬಲ ಉಳಿದೇ ಇರುತ್ತದೆ. ನಡುಭಾಗದ ಎರಡೂ ಮೈಗೆ ಹಿಗ್ಗು ಅಳೆಯುವ ಸ್ಟ್ರೇನ್ ಗೇಜ್ ಒಂದೊಂದು ಅಂಟಿಸಿ ನೋಡಿ. ಎರಡರ ಅಳತೆ ಬೇರೆ ಬೇರೆ ಬಂದರೆ ಪಟ್ಟಿ ಒಂದು ಮೈಯ ಕಡೆಗೆ ಬಾಗುತ್ತಿದೆ ಎಂದೇ ಅರ್ಥ.

ಸುಮಾ, ಶಿವಮೊಗ್ಗ

‘ಬಹುಪಾಲು’ ಸೇರಿಸಿದೆ. ಓರೆ ಹಿಡಿತದ ಮಾತು ಬೋರ್ಡಿನ ಎರಡನೇ ಸಾಲಿಗೆ ಹಾಕುತ್ತೇನೆ. ಪೇಂಟರ್ ಸೋಮವಾರ ಬೆಳಿಗ್ಗೆ ಬರುತ್ತಾರೆ. ‘ಒತ್ತಡ’ದ ಬದಲು ಎಳೆತಕ್ಕೂ ಅದುಮುವುದಕ್ಕೂ ಎರಡಕ್ಕೂ ಸಲ್ಲುವ ಪದ ಯಾರಿಗಾದರೂ ಹೊಳೆದರೆ ಭಾನುವಾರ ರಾತ್ರಿಯೊಳಗೆ ತಿಳಿಸಿ.