ಅಪ್‌ಡೇಟ್: ಕಿಡ್ನಿ ತೊಂದರೆ ಇಟ್ಟುಕೊಂಡು ಬಸಿರಾದ ಮೇಲೆ

ನಾನು ಕೇಳಿದ್ದು: "ಕ್ರಿಯಾಟಿನಿನ್ 1.4, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ. ಮಗು ಬೇಕು ಅಂದ್ರೆ ಮೊದಲು ಏನು ಮಾಡಬೇಕು?"

ಮಗುವಿಗೆ ಈಗ ಎರಡು ತಿಂಗಳು. ಬಸಿರಾಗುವ ಮೊದಲೇ ಕಿಡ್ನಿ ಡಾಕ್ಟರು ನನ್ನ ಬಿಪಿ ಮಾತ್ರೆ ರಾಮಿಪ್ರಿಲ್ ಬಿಡಿಸಿ, ಬದಲಿಗೆ ಲ್ಯಾಬೆಟಲಾಲ್ ಕೊಟ್ಟರು. ಹಳೇ ಮಾತ್ರೆ ಮಗುವಿನ ಕಿಡ್ನಿಗೇ ಹಾನಿ ಮಾಡಬಹುದಂತೆ. 12ನೇ ವಾರದಿಂದ ರಾತ್ರಿ ಕಡಿಮೆ ಡೋಸಿನ ಆಸ್ಪಿರಿನ್. ಶುರುವಿನಲ್ಲೇ ಪ್ಲೇಟ್‌ಲೆಟ್, ಲಿವರ್ ಟೆಸ್ಟ್ ಮಾಡಿಸಿದಾಗ 'ಇದೆಲ್ಲ ಸುಮ್ನೆ ಖರ್ಚು' ಅಂದುಕೊಂಡಿದ್ದೆ.

33ನೇ ವಾರ ಬಿಪಿ 156/98ಕ್ಕೆ ಏರಿತು, ತಲೆನೋವು ಬಿಡಲೇ ಇಲ್ಲ. ನನಗೆ ಪ್ರೋಟೀನ್ ಮೊದಲಿಂದಲೂ ಹೋಗುತ್ತಿತ್ತಲ್ವಾ, ಅದೊಂದನ್ನೇ ನೋಡಿ ಪ್ರಿಎಕ್ಲಾಂಪ್ಸಿಯಾ, ಅಂದ್ರೆ ಬಸಿರಲ್ಲಿ ಬಿಪಿ ಏರಿ ಅಂಗಗಳಿಗೆ ಹಾನಿಯಾಗುವ ತೊಂದರೆ, ಅಂತ ಹೇಳಲು ಆಗುವುದಿಲ್ಲ. ಪ್ಲೇಟ್‌ಲೆಟ್ 2.1 ಲಕ್ಷದಿಂದ 90 ಸಾವಿರಕ್ಕೆ ಇಳಿದಿತ್ತು, ಲಿವರ್ ಎನ್ಜೈಮ್ ಏರಿತ್ತು. ಹಳೇ ರಿಪೋರ್ಟ್ ಪಕ್ಕದಲ್ಲಿಟ್ಟು ಖಚಿತ ಮಾಡಿದರು. ಮಗುವಿನ ಶ್ವಾಸಕೋಶಕ್ಕೆ ಇಂಜೆಕ್ಷನ್ ಕೊಟ್ಟು ಸಿಸೇರಿಯನ್ ಮಾಡಿದರು.

ನನ್ನ ಕ್ರಿಯಾಟಿನಿನ್ 1.7ರಲ್ಲೇ ನಿಂತಿದೆ, ಅಂದ್ರೆ ಕಿಡ್ನಿ ಮೊದಲಿಗಿಂತ ಕಡಿಮೆ ಕೆಲಸ ಮಾಡುತ್ತಿದೆ. ಹೀಗಾಗಬಹುದು ಅಂತ ಡಾಕ್ಟರು ಮೊದಲೇ ಎಚ್ಚರಿಸಿದ್ದರು.